ಹಸುಳೆಯ ಸಣ್ಣ ಜ್ವರ ಸಣ್ಣದಲ್ಲ

2019ರ ಏಪ್ರಿಲ್ 16ರಂದು ಮಂಗಳೂರಿನಿಂದ ಹೊರಟ ಆ್ಯಂಬುಲೆನ್ಸ್ ಒಂದಕ್ಕೆ ಕೇರಳದ ಜನ ಹೆದ್ದಾರಿಯುದ್ದಕ್ಕೂ ದಾರಿ ಬಿಟ್ಟುಕೊಟ್ಟದ್ದು ಜಿಲ್ಲೆಯ ಅನೇಕರಿಗೆ ನೆನಪಿರಬಹುದು. ಅದರೊಳಗಿದ್ದುದು ಕಾಸರಗೋಡಿನ ಕುಟುಂಬವೊಂದರ, ಹುಟ್ಟಿ ಕೇವಲ 15 ದಿನಗಳಾಗಿದ್ದ ಹಸುಳೆ. ಹೃದಯದ ಜನ್ಮಜಾತ ದೋಷಕ್ಕೆ ಚಿಕಿತ್ಸೆ ಬೇಕಾಗಿತ್ತು. ತಿರುವನಂತಪುರಕ್ಕೆಂದು ಹೊರಟಿದ್ದ ವಾಹನವನ್ನು ಅಂದಿನ ಆರೋಗ್ಯ ಸಚಿವೆ ಕೆ. ಕೆ. ಶೈಲಜಾ ಅವರ ಮಧ್ಯಪ್ರವೇಶದಿಂದ ಕೊಚ್ಚಿಯ ಅಮೃತಾ ಆಸ್ಪತ್ರೆಗೆ ತಿರುಗಿಸಲಾಯಿತು. ಸುಮಾರು 400 ಕಿಲೋಮೀಟರ್ ದೂರವನ್ನು ಅದು ಐದೂವರೆ ಗಂಟೆಗಳಲ್ಲಿ ಕ್ರಮಿಸಿತು. ಎಳೆಗೂಸಿನ ಪಾಲಿಗೆ ಗಂಟೆಗಳಿಗೆ ಎಷ್ಟು ಬೆಲೆಯಿದೆ ಎಂಬುದನ್ನು ಅಂದು ಇಡೀ ರಾಜ್ಯ ಒಪ್ಪಿಕೊಂಡಿತ್ತು.

ಆದರೆ ಆ ಹಸುಳೆಯ ಕಾಯಿಲೆಗೆ ಆ ವೇಳೆಗಾಗಲೇ ಒಂದು ಹೆಸರಿತ್ತು. ಹೆಸರಿಲ್ಲದ ಕಾಯಿಲೆಯ ಮಾತು ಬೇರೆ. ಮನೆಯಲ್ಲಿ ಮಲಗಿರುವ 25 ದಿನಗಳ ಕೂಸಿನ ಮೈ ತುಸು ಬೆಚ್ಚಗಿದೆ, ಅಥವಾ ಸಂಜೆಯಿಂದ ಅದು ಹಾಲು ಕುಡಿಯಲು ಅಷ್ಟಾಗಿ ಉತ್ಸಾಹ ತೋರುತ್ತಿಲ್ಲ ಎಂದಿಟ್ಟುಕೊಳ್ಳೋಣ. ಅಲ್ಲಿ ಸೈರನ್ ಇಲ್ಲ, ದಾರಿ ಬಿಡುವವರೂ ಇಲ್ಲ. 'ನಾಳೆ ಬೆಳಿಗ್ಗೆ ನೋಡೋಣ' ಎಂಬ ಮಾತು ಬಹಳ ಸಹಜವಾಗಿ ಬಂದುಬಿಡುತ್ತದೆ. ದೊಡ್ಡ ಮಕ್ಕಳ ವಿಷಯದಲ್ಲಿ ಆ ಮಾತು ಹೆಚ್ಚಿನ ಸಂದರ್ಭಗಳಲ್ಲಿ ವಿವೇಕದ ಮಾತೇ ಹೌದು. ಮೂರು ತಿಂಗಳು ತುಂಬದ ಶಿಶುವಿನ ವಿಷಯದಲ್ಲಿ ಮಾತ್ರ ಅದು ಅಪಾಯದ ಮಾತು. ಅದು ಏಕೆ ಎಂಬುದು ತಿಳಿದರೆ, ಆಸ್ಪತ್ರೆಯಲ್ಲಿ ವೈದ್ಯರು 'ಬರೇ ಜ್ವರ'ಕ್ಕೆ ದಾಖಲಾಗಲು ಹೇಳಿದಾಗ ಉಂಟಾಗುವ ಗೊಂದಲವೂ ಕಡಿಮೆಯಾದೀತು.

ಲಕ್ಷಣ ಸೌಮ್ಯ, ಕಾಯಿಲೆ ಸೌಮ್ಯವಲ್ಲ

ಐದು ವರ್ಷದ ಮಗುವಿಗೆ ಕಾಯಿಲೆ ಬಂದರೆ ಅದು ಎಲ್ಲಿದೆ ಎಂಬುದನ್ನು ಮಗುವಿನ ದೇಹವೇ ತೋರಿಸಿಕೊಡುತ್ತದೆ. ಗಂಟಲು ಕೆಂಪಾಗುತ್ತದೆ, ಕಿವಿ ನೋಯುತ್ತದೆ, ಮೂತ್ರ ಉರಿಯುತ್ತದೆ. ಮೆದುಳನ್ನು ಆವರಿಸಿರುವ ಪೊರೆಗೆ ಸೋಂಕು ತಗುಲಿದರೆ ಕುತ್ತಿಗೆ ಬಿಗಿಯುತ್ತದೆ. ಕಾಯಿಲೆ ಎಷ್ಟು ದೊಡ್ಡದೋ ಲಕ್ಷಣವೂ ಬಹುಮಟ್ಟಿಗೆ ಅಷ್ಟೇ ದೊಡ್ಡದು. ಆದ್ದರಿಂದ ಮಗು ಆಡಿಕೊಂಡಿದೆ ಎಂದರೆ ತಾಯಿ ನಿಶ್ಚಿಂತಳಾಗಬಹುದು.

ಮೊದಲ ಮೂರು ತಿಂಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ನವಜಾತ ಶಿಶುವಿನ ರೋಗನಿರೋಧಕ ವ್ಯವಸ್ಥೆ ಇನ್ನೂ ಕೆಲಸ ಕಲಿಯುವ ಹಂತದಲ್ಲಿರುತ್ತದೆ. ಗರ್ಭದಲ್ಲಿರುವಾಗ, ವಿಶೇಷವಾಗಿ ಕೊನೆಯ ತಿಂಗಳುಗಳಲ್ಲಿ, ತಾಯಿಯಿಂದ ಒಂದು ಬಗೆಯ ರಕ್ಷಕಾಂಶಗಳು ಮಗುವಿಗೆ ಹರಿದುಬಂದಿರುತ್ತವೆ. ಎಲ್ಲ ಬಗೆಯವೂ ಬರುವುದಿಲ್ಲ. ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಬಂದುದು ಇನ್ನೂ ಕಡಿಮೆ. ಬ್ಯಾಕ್ಟೀರಿಯಾಗಳನ್ನು ಹಿಡಿದು ನುಂಗುವ ಬಿಳಿ ರಕ್ತಕಣಗಳ ಸಂಗ್ರಹ ಸಣ್ಣದು. ಸೋಂಕಿದ್ದಲ್ಲಿಗೆ ಅವು ತಲುಪುವ ವೇಗವೂ ಕಡಿಮೆ. ಹೀಗಾಗಿ ದೊಡ್ಡವರಲ್ಲಿ ಒಂದೆಡೆಯೇ ಕಟ್ಟುಬೀಳುವ ಸೋಂಕು ಎಳೆಗೂಸಿನಲ್ಲಿ ಕಟ್ಟುಬೀಳದೆ ರಕ್ತಕ್ಕೆ ಇಳಿಯಬಲ್ಲದು. ರಕ್ತದಿಂದ ಮೆದುಳಿನ ಪೊರೆಗೆ ತಲುಪುವ ದಾರಿಯೂ ಆ ವಯಸ್ಸಿನಲ್ಲಿ ಸುಲಭವಾದದ್ದೇ. ಇದಕ್ಕೆ ದಿನಗಳು ಬೇಕಾಗಿಲ್ಲ, ಕೆಲವೇ ಗಂಟೆಗಳು ಸಾಕು.

ಇದೆಲ್ಲ ಒಳಗೆ ನಡೆಯುತ್ತಿರುವಾಗ ಹೊರಗೆ ಕಾಣುವುದು ಬಹಳ ಕಡಿಮೆ. ಹಸುಳೆಗೆ ಕುತ್ತಿಗೆ ಬಿಗಿಯುವುದು ಅಪರೂಪ. ನೋವಿನ ಜಾಗವನ್ನು ತೋರಿಸಲು ಅದಕ್ಕೆ ಬಾರದು. ಅದು ದಿನವಿಡೀ ಮಾಡುವುದು ಮೂರೇ ಕೆಲಸ: ಹಾಲು ಹೀರುವುದು, ಅಳುವುದು, ನಿದ್ರಿಸುವುದು. ಕಾಯಿಲೆ ಮೂತ್ರದಲ್ಲಿರಲಿ, ರಕ್ತದಲ್ಲಿರಲಿ, ಹೃದಯದಲ್ಲಿರಲಿ, ಅದು ತನ್ನನ್ನು ಹೇಳಿಕೊಳ್ಳಬೇಕಾದದ್ದು ಈ ಮೂರರ ಮೂಲಕವೇ. ಎಷ್ಟೋ ಬಾರಿ ಜ್ವರವೂ ಬರುವುದಿಲ್ಲ. ಬದಲಿಗೆ ಮೈ ತಣ್ಣಗಾಗುತ್ತದೆ. 35.5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದ ತಾಪವನ್ನು ವಿಶ್ವ ಆರೋಗ್ಯ ಸಂಸ್ಥೆ ಜ್ವರದಷ್ಟೇ ಗಂಭೀರವಾದ ಚಿಹ್ನೆಯೆಂದು ಪರಿಗಣಿಸುತ್ತದೆ.

ನ್ಯಾಯಾಲಯದಲ್ಲಿ ಆರೋಪ ಸಾಬೀತಾಗುವ ತನಕ ಆರೋಪಿ ನಿರ್ದೋಷಿ. ಎಳೆಗೂಸಿನ ಜ್ವರದ ವಿಚಾರಣೆಯಲ್ಲಿ ಸಾಬೀತಿನ ಭಾರ ತಿರುಗುಮುರುಗಾಗಿದೆ. ಅದು ನಿರಪಾಯಕರವೆಂದು ಸಾಬೀತಾಗುವ ತನಕ ಅಪಾಯಕರವೆಂದೇ ಎಣಿಸಬೇಕು. ಇಂಥ ಜ್ವರ ಬಂದು ಆಸ್ಪತ್ರೆಗೆ ತಂದ, ನೋಡಲು ಚೆನ್ನಾಗಿಯೇ ಕಾಣುವ ಶಿಶುಗಳಲ್ಲಿ ಹೆಚ್ಚಿನವಕ್ಕೆ ಇರುವುದು ತಾನಾಗಿ ವಾಸಿಯಾಗುವ ವೈರಸ್ ಸೋಂಕು. ಸರಿಸುಮಾರು ಹತ್ತರಲ್ಲಿ ಒಂದಕ್ಕೆ ಮಾತ್ರ ಬ್ಯಾಕ್ಟೀರಿಯಾದ ಗಂಭೀರ ಸೋಂಕು ಇರುತ್ತದೆ. ಅದರಲ್ಲೂ ಹೆಚ್ಚಿನದು ಮೂತ್ರದ ಸೋಂಕು. ರಕ್ತದ ನಂಜು ಮತ್ತು ಮೆದುಳುಪೊರೆಯ ಉರಿಯೂತ ಅದಕ್ಕಿಂತ ಅಪರೂಪ. ಆದರೆ ಆ ಒಂದು ಮಗು ಯಾವುದು ಎಂಬುದನ್ನು ಅನುಭವಿ ವೈದ್ಯರೂ ಬರಿಗಣ್ಣಿನಿಂದ ಖಚಿತವಾಗಿ ಹೇಳಲಾರರು. ಹತ್ತು ಮಕ್ಕಳನ್ನೂ ಪರೀಕ್ಷಿಸುವುದು ಈ ಕಾರಣದಿಂದ.

ತಾಯಿಯ ಸಾಕ್ಷ್ಯ

ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ 1990ರ ದಶಕದಲ್ಲಿ ನಡೆಸಿದ ಕೆಲಸ ಈ ವಿಷಯದಲ್ಲಿ ಇಡೀ ದೇಶಕ್ಕೆ ದಾರಿ ತೋರಿಸಿತು. ಆಸ್ಪತ್ರೆ ದೂರವಿದ್ದ 39 ಹಳ್ಳಿಗಳಲ್ಲಿ ಅವರು ಗ್ರಾಮದ ಮಹಿಳೆಯರಿಗೇ ತರಬೇತಿ ನೀಡಿ, ಮನೆಮನೆಗೆ ಹೋಗಿ ನವಜಾತ ಶಿಶುಗಳನ್ನು ನೋಡುವಂತೆ ಮಾಡಿದರು. 1999ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರನೆಯ ವರ್ಷದ ವೇಳೆಗೆ ಅಲ್ಲಿ ನವಜಾತ ಶಿಶುಗಳ ಮರಣದ ಪ್ರಮಾಣ ಹೋಲಿಕೆಯ ಹಳ್ಳಿಗಳಿಗಿಂತ ಶೇಕಡ 62ರಷ್ಟು ತಗ್ಗಿತ್ತು.

ಅಲ್ಲಿ ಬಳಸಿದ ಚಿಹ್ನೆಗಳಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. 'ಮಗು ಹೀರುವುದಿಲ್ಲ' ಎಂದಷ್ಟೇ ಅಲ್ಲ, 'ಮೊದಲು ಚೆನ್ನಾಗಿ ಹೀರುತ್ತಿದ್ದ ಮಗುವಿನ ಹೀರುವಿಕೆ ಕ್ಷೀಣಿಸಿದೆ'. 'ಅಳು ಸಣ್ಣದು' ಎಂದಲ್ಲ, 'ಮೊದಲು ಗಟ್ಟಿಯಾಗಿದ್ದ ಅಳು ಈಗ ಕುಗ್ಗಿದೆ'. ಅಂದರೆ ಚಿಹ್ನೆ ಇರುವುದು ಬದಲಾವಣೆಯಲ್ಲಿ. ನಿನ್ನೆಯ ಮಗುವನ್ನು ಕಂಡಿರದ ವೈದ್ಯರಿಗೆ ಆ ಬದಲಾವಣೆ ತಿಳಿಯಲು ಸಾಧ್ಯವಿಲ್ಲ. ಅದಕ್ಕೆ ಏಕೈಕ ಪ್ರತ್ಯಕ್ಷ ಸಾಕ್ಷಿ ತಾಯಿ, ಅಥವಾ ರಾತ್ರಿಹಗಲು ಜೊತೆಗಿರುವ ಅಜ್ಜಿ. 'ಇವತ್ತು ಮಗು ಎಂದಿನಂತಿಲ್ಲ' ಎಂದು ಬಾಣಂತಿ ಹೇಳಿದರೆ ಅದನ್ನು ಅನುಭವವಿಲ್ಲದವಳ ಗಾಬರಿಯೆಂದು ಬದಿಗೆ ಸರಿಸಬಾರದು.

ಹಾಲು ಕುಡಿಯುವುದು ಕಡಿಮೆಯಾಗಿದೆ ಎಂಬುದನ್ನು ಅಳೆಯುವುದು ಹೇಗೆ? ಎದೆಹಾಲು ಕುಡಿಯುವ ಎಳೆಗೂಸು ಸಾಮಾನ್ಯವಾಗಿ ದಿನಕ್ಕೆ 8ರಿಂದ 12 ಸಲ ಕುಡಿಯುತ್ತದೆ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಬಾರಿಯಾದರೂ ಮೂತ್ರ ಮಾಡುತ್ತದೆ. ಒಂದರ ಮೇಲೊಂದರಂತೆ ಎರಡು ಬಾರಿ ಹಾಲು ನಿರಾಕರಿಸಿದರೆ, ದಿನದ ಒಟ್ಟು ಹಾಲು ಎಂದಿನ ಅರ್ಧಕ್ಕಿಳಿದರೆ, ಎಬ್ಬಿಸಿದರೂ ಎಚ್ಚರಗೊಂಡು ಬಾಯಿ ಹಾಕದಿದ್ದರೆ ಅದು ಚಿಹ್ನೆಯೇ. ಇನ್ನೊಂದು ಬಗೆಯಿದೆ. ಮಗು ಹಸಿವಿನಿಂದ ಮೊಲೆಗೆ ಬಾಯಿ ಹಾಕುತ್ತದೆ, ಎರಡು ನಿಮಿಷ ಹೀರಿ ಸುಸ್ತಾಗಿ ಬಿಡುತ್ತದೆ, ಹಣೆಯಲ್ಲಿ ಬೆವರು ಮೂಡುತ್ತದೆ, ಉಸಿರು ವೇಗವಾಗುತ್ತದೆ. ಇದು ಹೃದಯದ ದೋಷವನ್ನು ಸೂಚಿಸಬಹುದು. ಗರ್ಭದಲ್ಲಿರುವಾಗ ಎರಡು ದೊಡ್ಡ ರಕ್ತನಾಳಗಳ ನಡುವೆ ಒಂದು ಕಿರುದಾರಿ ತೆರೆದಿರುತ್ತದೆ. ಹುಟ್ಟಿದ ಮೇಲೆ ದಿನಗಳಲ್ಲಿ ಅದು ಮುಚ್ಚಿಕೊಳ್ಳುತ್ತದೆ. ಕೆಲವು ಹೃದಯದೋಷಗಳಲ್ಲಿ ಮಗು ಬದುಕಿರುವುದೇ ಆ ಕಿರುದಾರಿಯಿಂದ. ಹಾಗಾಗಿ ಹೆರಿಗೆ ಆಸ್ಪತ್ರೆಯಿಂದ 'ಎಲ್ಲ ಸರಿಯಿದೆ' ಎಂದು ಮನೆಗೆ ಬಂದ ಮಗು ಒಂದೆರಡು ವಾರಗಳಲ್ಲಿ ಹಠಾತ್ತನೆ ಕುಗ್ಗಬಹುದು. ಜ್ವರವಿಲ್ಲ ಎಂಬ ಕಾರಣಕ್ಕೆ ಹಾಲು ಬಿಟ್ಟ ಮಗುವನ್ನು ಮನೆಯಲ್ಲಿ ಇರಿಸಿಕೊಳ್ಳಬಾರದು ಎನ್ನುವುದು ಇದಕ್ಕಾಗಿ.

ಹಾಲು ಬಿಡುವುದು ಚಿಹ್ನೆ ಮಾತ್ರವಲ್ಲ, ತಾನೇ ಒಂದು ಅಪಾಯವೂ ಹೌದು. ದೊಡ್ಡವರ ಯಕೃತ್ತಿನಲ್ಲಿ ಒಂದು ಹೊತ್ತಿನ ಉಪವಾಸಕ್ಕೆ ಸಾಕಾಗುವಷ್ಟು ಸಕ್ಕರೆಯ ದಾಸ್ತಾನಿರುತ್ತದೆ. ಎಳೆಗೂಸಿನಲ್ಲಿ ಅದು ಬಹಳ ಬೇಗ ಮುಗಿಯುತ್ತದೆ. ರಕ್ತದ ಸಕ್ಕರೆ ಇಳಿದ ಮಗು ಇನ್ನಷ್ಟು ಮಂಕಾಗುತ್ತದೆ, ಮಂಕಾದ ಮಗು ಇನ್ನಷ್ಟು ಕಡಿಮೆ ಕುಡಿಯುತ್ತದೆ.

ತಾಪ ನೋಡುವ ಬಗೆ

ಅಂಗೈಯಿಂದ ಹಣೆ ಮುಟ್ಟಿ ಜ್ವರವನ್ನು ನಿರ್ಧರಿಸುವುದು ನಂಬಲರ್ಹವಲ್ಲ. ಔಷಧದಂಗಡಿಯಲ್ಲಿ ಸಿಗುವ ಸಾಮಾನ್ಯ ಡಿಜಿಟಲ್ ಥರ್ಮಾಮೀಟರ್ ಸಾಕು. ಮಗುವಿನ ಕಂಕುಳನ್ನು ಒರೆಸಿ ಒಣಗಿಸಿ, ಅದರ ತುದಿಯನ್ನು ಕಂಕುಳಿನ ನಡುವೆ ಇಟ್ಟು, ತೋಳನ್ನು ಮೈಗೆ ಒತ್ತಿ ಹಿಡಿದು, ಸದ್ದು ಬರುವ ತನಕ ಕಾಯಬೇಕು. 37.5 ಡಿಗ್ರಿ ಸೆಲ್ಸಿಯಸ್, ಅಂದರೆ 99.5 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಎಳೆಗೂಸಿನ ಮಟ್ಟಿಗೆ ಅದು ಗಡಿ ದಾಟಿದಂತೆ. ಆಸ್ಪತ್ರೆಗಳಲ್ಲಿ ಗುದದ್ವಾರದ ತಾಪವನ್ನು ನೋಡುವಾಗ 38 ಡಿಗ್ರಿ, ಅಂದರೆ 100.4, ಗಡಿಯಾಗುತ್ತದೆ. ಒಳಗಿನ ತಾಪ ಕಂಕುಳಿನ ತಾಪಕ್ಕಿಂತ ಸ್ವಲ್ಪ ಹೆಚ್ಚಿರುವುದರಿಂದ ಈ ವ್ಯತ್ಯಾಸ.

ಮಗುವನ್ನು ಕಂಬಳಿಯಲ್ಲಿ ಬಿಗಿಯಾಗಿ ಸುತ್ತಿಟ್ಟಿದ್ದರೆ ಅಥವಾ ಬಿಸಿನೀರಿನ ಸ್ನಾನ ಈಗಷ್ಟೇ ಮುಗಿದಿದ್ದರೆ ಮೈ ಬೆಚ್ಚಗಿರಬಹುದು. ಆಗ ಒಂದು ಪದರ ತೆಗೆದು ಸುಮಾರು ಕಾಲು ಗಂಟೆಯ ಬಳಿಕ ಮತ್ತೊಮ್ಮೆ ನೋಡುವುದರಲ್ಲಿ ತಪ್ಪಿಲ್ಲ. ಎರಡನೆಯ ಬಾರಿಯೂ ಗಡಿ ದಾಟಿದ್ದರೆ ಮೂರನೆಯ ಪರೀಕ್ಷೆ ಬೇಡ, ಹೊರಡಬೇಕು. 38 ಡಿಗ್ರಿ ಒಮ್ಮೆ ಕಂಡುಬಂದಿದ್ದರಂತೂ ಆಮೇಲೆ ಇಳಿದರೂ ಅದು ಲೆಕ್ಕದಲ್ಲಿ ಉಳಿಯುತ್ತದೆ. ಅದನ್ನು ವೈದ್ಯರಿಗೆ ಹೇಳಲೇಬೇಕು.

ಈ ಹಂತದಲ್ಲಿ ಆಗುವ ತಪ್ಪುಗಳು ಮುಖ್ಯವಾಗಿ ಮೂರು. ಮೊದಲನೆಯದು, ಮನೆಯಲ್ಲಿರುವ ಪ್ಯಾರಾಸಿಟಮಾಲ್ ಹನಿ ಕೊಟ್ಟು ಕಾಯುವುದು. ಅದು ತಾಪವನ್ನು ಇಳಿಸುತ್ತದೆ, ಸೋಂಕನ್ನು ಮುಟ್ಟುವುದಿಲ್ಲ. ಸಾಕ್ಷ್ಯ ಅಳಿಸಿಹೋಗುತ್ತದೆ, ಅಪರಾಧಿ ಒಳಗೇ ಉಳಿಯುತ್ತಾನೆ. ಎರಡನೆಯದು, ಅಣ್ಣನಿಗೋ ಅಕ್ಕನಿಗೋ ತಂದು ಉಳಿದ ಆ್ಯಂಟಿಬಯಾಟಿಕ್ ಸಿರಪ್‌ನ ನಾಲ್ಕು ಹನಿ, ಇಲ್ಲವೇ ತೇದ ಬಜೆ, ಗೋರೋಚನ, ಜೇನು. ಅರೆಬರೆ ಆ್ಯಂಟಿಬಯಾಟಿಕ್ ಸೋಂಕನ್ನು ಕೊಲ್ಲದೆ, ಮುಂದೆ ಆಸ್ಪತ್ರೆಯಲ್ಲಿ ಮಾಡುವ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯದಂತೆ ಮಾಡಿ ದಾರಿ ತಪ್ಪಿಸುತ್ತದೆ. ಜೇನು ಒಂದು ವರ್ಷ ತುಂಬುವ ತನಕ ಸರ್ವಥಾ ಸಲ್ಲದು. ಮೂರನೆಯದು ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳ ತಪ್ಪು: 'ದೊಡ್ಡವನು ಶಾಲೆಯಿಂದ ಶೀತ ತಂದಿದ್ದಾನೆ, ಚಿಕ್ಕದಕ್ಕೂ ಅದೇ ಅಂಟಿದೆ' ಎಂಬ ಸಮಾಧಾನ. ಅದು ನಿಜವಿರಬಹುದು, ವೈರಸ್ ಸೋಂಕು ಇದ್ದ ಶಿಶುವಿನಲ್ಲಿ ಬ್ಯಾಕ್ಟೀರಿಯಾದ ಸೋಂಕಿನ ಸಾಧ್ಯತೆ ಕಡಿಮೆ ಎಂಬುದೂ ನಿಜ. ಆದರೆ ಕಡಿಮೆ ಎಂದರೆ ಇಲ್ಲ ಎಂದಲ್ಲ. ಮೇಲಾಗಿ ಶಾಲೆಯ ಶೀತವೇ ಎಳೆಗೂಸಿನ ಶ್ವಾಸಕೋಶದವರೆಗೆ ಇಳಿದು ಉಸಿರಾಟಕ್ಕೆ ತೊಂದರೆ ಕೊಡಬಲ್ಲದು. ಸುಮ್ಮನೆ ಮಲಗಿರುವ ಮಗುವಿನ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿದಾಗ 60 ಅಥವಾ ಹೆಚ್ಚು ಬಂದರೆ, ಪಕ್ಕೆಯ ಕೆಳಗೆ ಎದೆ ಒಳಕ್ಕೆ ಸೆಳೆದುಕೊಳ್ಳುತ್ತಿದ್ದರೆ, ಕಾಯುವ ಮಾತೇ ಇಲ್ಲ.

ಆರು ಮತ್ತು ಹತ್ತನೆಯ ವಾರಗಳ ಚುಚ್ಚುಮದ್ದಿನ ಬಳಿಕ ಬರುವ ಜ್ವರದ ಪ್ರಶ್ನೆ ಬೇರೆ. ಒಂದೆರಡು ದಿನ ಸಣ್ಣ ಜ್ವರ ಬರುವುದು ಅಲ್ಲಿ ನಿರೀಕ್ಷಿತ, ಮತ್ತು ಆರೋಗ್ಯ ಕಾರ್ಯಕರ್ತೆ ಹೇಳಿದ ಪ್ರಮಾಣದಲ್ಲಿ ಔಷಧ ಕೊಡಬಹುದು. ಆದರೆ ಮಗು ಹಾಲು ಬಿಟ್ಟರೆ, ಮಂಕಾದರೆ, ಅಥವಾ ಎರಡು ದಿನ ಕಳೆದರೂ ಜ್ವರ ನಿಲ್ಲದಿದ್ದರೆ ಚುಚ್ಚುಮದ್ದಿನ ಮೇಲೆ ಹೊಣೆ ಹೊರಿಸಿ ಕುಳಿತುಕೊಳ್ಳಬಾರದು.

ಆಸ್ಪತ್ರೆಯೊಳಗೆ ನಡೆಯುವುದು

ಒಂದು ಮಾದರಿ ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ಮುಳ್ಳೇರಿಯದ ಕಡೆಯ ಮನೆಯೊಂದರಲ್ಲಿ 24 ದಿನಗಳ ಗಂಡುಮಗು. ಸಂಜೆ ನಾಲ್ಕಕ್ಕೆ ಹಾಲು ಅರ್ಧ ಕುಡಿದು ಬಿಟ್ಟಿತು. ಆರೂವರೆಗೆ ಬಾಯಿಯೇ ಹಾಕಲಿಲ್ಲ. ಕಂಕುಳಿನ ತಾಪ 37.9. ಬಟ್ಟೆ ಸಡಿಲಿಸಿ ಮತ್ತೆ ನೋಡಿದರೂ 37.8. ಮಗು ಅಳುತ್ತಿದೆ, ಬಣ್ಣ ಸರಿಯಾಗಿದೆ, ಕೆಮ್ಮಿಲ್ಲ. ಮನೆಯವರು ಎಂಟು ಗಂಟೆಯೊಳಗೆ ಶಿಶುವೈದ್ಯರಿರುವ ಆಸ್ಪತ್ರೆಗೆ ತಲುಪುತ್ತಾರೆ.

ವೈದ್ಯರು ಮೊದಲು ಬೆರಳಿನಷ್ಟು ರಕ್ತದಿಂದ ಸಕ್ಕರೆ ನೋಡುತ್ತಾರೆ. ಬಳಿಕ ಮೂರು ಮಾದರಿಗಳನ್ನು ತೆಗೆಯಬೇಕು ಎನ್ನುತ್ತಾರೆ. ಒಂದು ರಕ್ತ. ಎರಡನೆಯದು ಮೂತ್ರ, ಅದನ್ನು ತೆಳುವಾದ ನಳಿಕೆ ಇಟ್ಟೇ ತೆಗೆಯಬೇಕಾಗುತ್ತದೆ, ಏಕೆಂದರೆ ಅಂಟಿಸಿದ ಚೀಲದಲ್ಲಿ ಸಂಗ್ರಹಿಸಿದ ಮೂತ್ರದಲ್ಲಿ ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳೂ ಸೇರಿ ಸುಳ್ಳು ಫಲಿತಾಂಶ ಬರಬಹುದು. ಮೂರನೆಯದು ಬೆನ್ನಿನ ನೀರು. ಕುಟುಂಬ ಬೆಚ್ಚಿಬೀಳುವುದು ಇಲ್ಲಿ. ಒಪ್ಪಿಗೆ ಪತ್ರ ಮುಂದೆ ಬರುತ್ತದೆ, ಊರಿನಲ್ಲಿರುವ ಹಿರಿಯರಿಗೆ ಫೋನು ಹೋಗುತ್ತದೆ, 'ಸೂಜಿ ಚುಚ್ಚಿದರೆ ಕಾಲು ಹೋಗುತ್ತದಂತೆ' ಎಂಬ ಮಾತು ಕೇಳಿಬರುತ್ತದೆ, ಎರಡು ಗಂಟೆ ಕಳೆಯುತ್ತದೆ.

ಇಲ್ಲಿ ತಿಳಿದಿರಬೇಕಾದದ್ದು ಇಷ್ಟು. ಸೂಜಿ ಹೋಗುವುದು ಬೆನ್ನುಹುರಿ ಮುಗಿದ ಬಳಿಕದ ಸೊಂಟದ ಭಾಗಕ್ಕೆ. ತೆಗೆಯುವುದು ಕೆಲವು ಹನಿಗಳಷ್ಟು ದ್ರವ. ದೇಹ ಅದನ್ನು ಮತ್ತೆ ತುಂಬಿಕೊಳ್ಳುತ್ತದೆ. ಮೆದುಳುಪೊರೆಯಲ್ಲಿ ಸೋಂಕಿದೆಯೇ ಎಂದು ತಿಳಿಯಲು ಅದಕ್ಕಿಂತ ನಿಖರವಾದ ಬೇರೆ ದಾರಿಯಿಲ್ಲ, ಮತ್ತು ಅದು ತಿಳಿಯದೆ ಔಷಧದ ಪ್ರಮಾಣವನ್ನೂ ದಿನಗಳನ್ನೂ ಸರಿಯಾಗಿ ನಿರ್ಧರಿಸಲಾಗದು. ಒಪ್ಪಿಗೆ ಪತ್ರವೆಂಬುದು ವೈದ್ಯರು ಹೊಣೆ ಜಾರಿಸಿಕೊಳ್ಳುವ ಕಾಗದವಲ್ಲ. ಏಕೆ ಮಾಡುತ್ತೀರಿ, ಮಾಡದಿದ್ದರೆ ಏನು, ಏನೇನು ತೊಂದರೆ ಬರಬಹುದು ಎಂದು ಕೇಳಿ ಅರ್ಥಮಾಡಿಕೊಳ್ಳುವ ಹಕ್ಕು ಸಹಿ ಹಾಕುವವರದ್ದು. ಹೆತ್ತವರ ಸಹಿ ಸಾಕು. ದೂರದಲ್ಲಿರುವ ಹಿರಿಯರ ಒಪ್ಪಿಗೆಯನ್ನು ಕಾನೂನು ಕೇಳುವುದಿಲ್ಲ. ಒಂದು ವೇಳೆ ಮಗುವಿನ ಸ್ಥಿತಿ ಬೆನ್ನಿನ ನೀರು ತೆಗೆಯಲಾಗದಷ್ಟು ಅಸ್ಥಿರವಾಗಿದ್ದರೆ, ವೈದ್ಯರು ಅದನ್ನು ಮುಂದೂಡಿ ಔಷಧವನ್ನು ಮೊದಲು ಆರಂಭಿಸುತ್ತಾರೆ. ಔಷಧ ಮಾತ್ರ ಕಾಯುವುದಿಲ್ಲ.

ಮಾದರಿಗಳನ್ನು ತೆಗೆದೊಡನೆ ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್ ಶುರುವಾಗುತ್ತದೆ. ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ತಿಳಿಯಲು 36ರಿಂದ 48 ಗಂಟೆ ಬೇಕು. ಮರುದಿನ ಬೆಳಿಗ್ಗೆಗೆ ಮಗುವಿನ ಜ್ವರ ಇಳಿದು ಹಾಲು ಕುಡಿಯತೊಡಗಿದೆ. 'ಇನ್ನೇಕೆ ಇಲ್ಲಿ?' ಎಂಬ ಪ್ರಶ್ನೆ ಏಳುವುದು ಆಗ. ವೈದ್ಯರ ಸಲಹೆಗೆ ವಿರುದ್ಧವಾಗಿ ಬರೆದುಕೊಟ್ಟು ಮಗುವನ್ನು ಮನೆಗೆ ಕರೆದೊಯ್ಯುವುದು ಹೆಚ್ಚಾಗಿ ಈ ಹಂತದಲ್ಲೇ. ಆದರೆ ನಮ್ಮ ಮಾದರಿ ಪ್ರಸಂಗದಲ್ಲಿ ಎರಡನೆಯ ದಿನ ಮೂತ್ರದಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಬೆಳೆದ ವರದಿ ಬಂತು. ರಕ್ತವೂ ಬೆನ್ನಿನ ನೀರೂ ಶುದ್ಧ. ಅಂದರೆ ಸೋಂಕು ಮೂತ್ರದಿಂದ ರಕ್ತಕ್ಕೆ ದಾಟುವ ಮೊದಲೇ ಸಿಕ್ಕಿಬಿತ್ತು. ಚಿಕಿತ್ಸೆ ಮುಂದುವರಿದು ಒಟ್ಟು ಹತ್ತು ದಿನಗಳ ಆಸುಪಾಸಿನಲ್ಲಿ ಮುಗಿಯುತ್ತದೆ. ಮೂತ್ರಪಿಂಡದ ರಚನೆಯಲ್ಲಿ ದೋಷವಿದೆಯೇ ಎಂದು ನೋಡಲು ಸ್ಕ್ಯಾನ್ ಆಗುತ್ತದೆ. ಮೊದಲ ದಿನವೇ ಮನೆಗೆ ಹೋಗಿದ್ದರೆ ಕಾಣಿಸುತ್ತಿದ್ದುದು ವಾಸಿಯಾದ ಮಗುವೇ. ನಾಲ್ಕಾರು ದಿನಗಳ ಬಳಿಕ ಬರುವುದು ಬೇರೆಯೇ ಮಗುವಾಗಿರಬಹುದಿತ್ತು.

ಎಲ್ಲ ಶಿಶುಗಳಿಗೂ ಇಷ್ಟೆಲ್ಲ ಬೇಕೆಂದಿಲ್ಲ. ವಯಸ್ಸು ದಿನಗಳ ಲೆಕ್ಕದಲ್ಲಿ ಇಲ್ಲಿ ತೂಗುತ್ತದೆ. ಅಮೆರಿಕದ ಶಿಶುವೈದ್ಯರ ಅಕಾಡೆಮಿ 2021ರಲ್ಲಿ ಪ್ರಕಟಿಸಿದ ಮಾರ್ಗಸೂಚಿ, ನೋಡಲು ಚೆನ್ನಾಗಿರುವ ಜ್ವರದ ಶಿಶುಗಳನ್ನು 8ರಿಂದ 21, 22ರಿಂದ 28, 29ರಿಂದ 60 ದಿನಗಳೆಂದು ಮೂರು ಗುಂಪು ಮಾಡುತ್ತದೆ. ಮೊದಲ ಗುಂಪಿಗೆ ಮೂರೂ ಪರೀಕ್ಷೆ, ದಾಖಲಾತಿ, ಔಷಧ ಕಡ್ಡಾಯದಂತೆ. ಮೂರನೆಯ ಗುಂಪಿನಲ್ಲಿ ರಕ್ತ ಮತ್ತು ಮೂತ್ರದ ವರದಿ ಸರಿಯಿದ್ದರೆ ಬೆನ್ನಿನ ನೀರನ್ನು ಬಿಡಬಹುದು, ಮನೆಯಲ್ಲೇ ನಿಗಾ ಇಡಲೂ ಅವಕಾಶವಿದೆ. ಆದ್ದರಿಂದ ಪಕ್ಕದ ಮನೆಯ ಎರಡು ತಿಂಗಳ ಮಗುವನ್ನು ಅಂದೇ ಕಳುಹಿಸಿದರು, ನಮ್ಮದನ್ನು ಮಾತ್ರ ಇರಿಸಿಕೊಂಡರು ಎಂಬ ದೂರಿಗೆ ಅರ್ಥವಿಲ್ಲ. ಒಂದು ವಾರದ ವ್ಯತ್ಯಾಸ ಇಡೀ ತೀರ್ಮಾನವನ್ನೇ ಬದಲಿಸಬಲ್ಲದು.

ದಾರಿಯ ಪ್ರಶ್ನೆ

ಕಾಸರಗೋಡಿನ ಕುಟುಂಬಕ್ಕೆ ಕಾಯಿಲೆಯ ಜೊತೆ ದೂರವೂ ಒಂದು ಲೆಕ್ಕ. ಜಿಲ್ಲೆಯ ಉತ್ತರದವರು ಮಂಗಳೂರಿನತ್ತ, ದಕ್ಷಿಣದವರು ಕಾಞಂಗಾಡು, ಪರಿಯಾರಂ ಕಡೆಗೆ ನೋಡುತ್ತಾರೆ. ಆ ದಾರಿ ಎಷ್ಟು ದುರ್ಬಲ ಎಂಬುದು 2020ರ ಮಾರ್ಚ್ ಕೊನೆಯಲ್ಲಿ, ಕೋವಿಡ್ ನೆಪದಲ್ಲಿ ಕರ್ನಾಟಕವು ತಲಪಾಡಿಯೇ ಮೊದಲಾದ ಗಡಿರಸ್ತೆಗಳನ್ನು ಮುಚ್ಚಿದಾಗ ತಿಳಿಯಿತು. ತುರ್ತು ಚಿಕಿತ್ಸೆಗೆ ಹೊರಟ ರೋಗಿಗಳ ವಾಹನಗಳಿಗೆ ದಾರಿ ತೆರೆಯಬೇಕೆಂದು ಕೇರಳ ಉಚ್ಚ ನ್ಯಾಯಾಲಯ ಏಪ್ರಿಲ್ 1ರಂದು ಆದೇಶಿಸಿತು. ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಸಕಾಲದಲ್ಲಿ ಚಿಕಿತ್ಸೆ ದೊರೆಯುವುದು ಬದುಕುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲೇ, ಪಶ್ಚಿಮ ಬಂಗಾಳದ ಪ್ರಕರಣವೊಂದರಲ್ಲಿ ಸ್ಪಷ್ಟಪಡಿಸಿತ್ತು. ಆದರೆ ಆ ಹಕ್ಕು ಉಪಯೋಗಕ್ಕೆ ಬರುವುದು ಮನೆಯಿಂದ ಹೊರಟ ಮೇಲೆ.

ಆದ್ದರಿಂದ ಮೊದಲು ಹತ್ತಿರದ, ವೈದ್ಯರಿರುವ ಆಸ್ಪತ್ರೆಗೆ ಹೋಗಬೇಕು. ದೊಡ್ಡ ಆಸ್ಪತ್ರೆಯನ್ನೇ ಹುಡುಕಿಕೊಂಡು ಇಡೀ ರಾತ್ರಿ ಕಳೆಯಬಾರದು. ದೂರಕ್ಕೆ ಕಳುಹಿಸುವುದು ಅನಿವಾರ್ಯವಾದರೆ, ಹೊರಡುವ ಮುನ್ನ ಮೊದಲ ಚುಚ್ಚುಮದ್ದು ಕೊಡಲಾಗುವುದೇ ಎಂದು ವೈದ್ಯರನ್ನು ಕೇಳಬೇಕು. ಎಳೆಗೂಸುಗಳಿಗಾಗಿ ಇರುವ ರಾಷ್ಟ್ರೀಯ ಚಿಕಿತ್ಸಾಕ್ರಮದಲ್ಲೇ ಅದಕ್ಕೆ ಅವಕಾಶವಿದೆ. ಕೊಟ್ಟ ಔಷಧದ ಹೆಸರು, ಪ್ರಮಾಣ, ಸಮಯ ಚೀಟಿಯಲ್ಲಿರಬೇಕು. ವಾಹನಕ್ಕೆ 108ಕ್ಕೆ ಕರೆಮಾಡಬಹುದು. 2011ರ ಜೂನ್ 1ರಂದು ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಯಿಲೆಯ ಶಿಶುವಿಗೆ ಔಷಧ, ಪರೀಕ್ಷೆ, ಸಾಗಾಟ ಉಚಿತ. ಆರಂಭದಲ್ಲಿ 30 ದಿನಗಳವರೆಗಿದ್ದ ಈ ಸೌಲಭ್ಯವನ್ನು ಅನಂತರ ಒಂದು ವರ್ಷದವರೆಗೆ ವಿಸ್ತರಿಸಲಾಗಿದೆ.

ದಾರಿಯಲ್ಲಿ ಮಗುವನ್ನು ತಾಯಿಯ ಎದೆಗೆ ಒರಗಿಸಿ ಬೆಚ್ಚಗಿಡಬೇಕು. ಹೀರುವ ಶಕ್ತಿಯಿದ್ದರೆ ಹಾಲೂಡಿಸಬೇಕು. ಮಂಕಾಗಿರುವ ಮಗುವಿನ ಬಾಯಿಗೆ ಚಮಚದಿಂದ ಸುರಿಯಬಾರದು, ಅದು ಶ್ವಾಸನಾಳಕ್ಕೆ ಹೋದೀತು. ತಾಯಿ-ಮಗು ಕಾರ್ಡು, ಹೆರಿಗೆಯ ಡಿಸ್ಚಾರ್ಜ್ ಕಾಗದ ಜೊತೆಗಿರಲಿ. ತುರ್ತು ವಿಭಾಗದಲ್ಲಿ ಚೀಟಿಯ ಸಾಲಿನಲ್ಲಿ ನಿಲ್ಲುವ ಮೊದಲೇ ಹೇಳಬೇಕಾದ ವಾಕ್ಯ ಒಂದೇ: ಮಗುವಿಗೆ ಇಷ್ಟು ದಿನ, ತಾಪ ಇಷ್ಟು, ಕೊನೆಯ ಬಾರಿ ಹಾಲು ಕುಡಿದದ್ದು ಇಷ್ಟು ಗಂಟೆಗೆ. ಮಲಯಾಳದಲ್ಲಿ ವಿವರಿಸಲು ತಡವರಿಸುವ ಮನೆಯವರು ಈ ಮೂರು ಅಂಕಿಗಳನ್ನು ಕಾಗದದಲ್ಲಿ ಬರೆದು ಕೊಟ್ಟರೂ ಸಾಕು. ಅಂಕಿಗೆ ಭಾಷಾಂತರ ಬೇಕಾಗಿಲ್ಲ.

ಇನ್ನು ಒಂದು ಅಂತರದ ಬಗ್ಗೆ ಎಚ್ಚರ ಬೇಕು. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಮನೆಗೆ ಬರಬೇಕೆಂಬುದು ಕ್ರಮ. ಅದರ ಮುಂದಿನ ಭೇಟಿ ಮೂರು ತಿಂಗಳು ತುಂಬುವಾಗ. ನಡುವಿನ ಆರೇಳು ವಾರಗಳಲ್ಲಿ, ಬಾಣಂತನ ಮುಗಿದು ಬಂಧುಗಳು ಹಿಂದಿರುಗಿ, ಮನೆಯಲ್ಲಿ ತಾಯಿ ಒಬ್ಬಳೇ ಉಳಿದಿರುವಾಗ, ಕಣ್ಣಿಡುವ ಹೊಣೆ ಪೂರ್ತಿಯಾಗಿ ಮನೆಯವರದ್ದೇ. ಥರ್ಮಾಮೀಟರ್, ಹತ್ತಿರದ ಆಸ್ಪತ್ರೆಯ ದೂರವಾಣಿ ಸಂಖ್ಯೆ, ರಾತ್ರಿ ಬರಬಲ್ಲ ಆಟೋ ಅಥವಾ ಜೀಪಿನವರ ಸಂಖ್ಯೆ ಈ ಮೂರೂ ತೊಟ್ಟಿಲಿರುವ ಕೋಣೆಯ ಗೋಡೆಯ ಮೇಲೆ ಆ ವಾರಗಳಲ್ಲಿ ಇರಬೇಕು.